ಹೊಸ ಹಿಮೋಗ್ಲೋಬಿನ್ ಮೀಟರ್, ಹಳೆಯ ಅನಲೈಸರ್: ಈ ಮಿತಿಗಳನ್ನು ಒಪ್ಪಬಹುದಾ?

ಸಂಜೆಪಾಳಿ_ಲ್ಯಾಬ್

ನಮಸ್ಕಾರ. ನಾನು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ವಾರ್ಡ್‌ಗಳಿಗೆ ಅಂಗೈಯಲ್ಲಿ ಹಿಡಿಯುವಂಥ ಹಿಮೋಗ್ಲೋಬಿನ್ ಮೀಟರ್ ತರಿಸುವ ಮಾತು ನಡೆದಿದೆ. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಹಾಕಿದರೆ ಒಂದೇ ನಿಮಿಷದಲ್ಲಿ ಅಂಕಿ ಬರುತ್ತದೆ. ಲ್ಯಾಬ್‌ನ ದೊಡ್ಡ ಅನಲೈಸರ್ ಜೊತೆ ಹೋಲಿಸಿ ವರದಿ ಕೊಡು ಅಂತ ನನಗೆ ಹೇಳಿದ್ದಾರೆ.

40 ರೋಗಿಗಳಲ್ಲಿ ಎರಡರಿಂದಲೂ ಅಳತೆ ತೆಗೆದಿದ್ದೇನೆ. ಪ್ರತಿಯೊಬ್ಬರಿಗೂ ಮೀಟರ್ ಅಂಕಿಯಿಂದ ಲ್ಯಾಬ್ ಅಂಕಿ ಕಳೆದೆ. ಆ ವ್ಯತ್ಯಾಸವನ್ನು ಎರಡರ ಸರಾಸರಿಯ ಎದುರು ಚುಕ್ಕಿಯಾಗಿ ಹಾಕಿದೆ. ಬ್ಲ್ಯಾಂಡ್-ಆಲ್ಟ್‌ಮನ್ ಪ್ಲಾಟ್ ಅಂತಾರಲ್ಲ, ಅದೇ. ಸಿಕ್ಕಿದ್ದು ಇಷ್ಟು:

ವ್ಯತ್ಯಾಸದ ಸರಾಸರಿ +0.3 (ಎಲ್ಲವೂ ಡೆಸಿಲೀಟರಿಗೆ ಗ್ರಾಂನಲ್ಲಿ). ವ್ಯತ್ಯಾಸಗಳ ಹರಡುವಿಕೆ, ಅಂದರೆ ಎಸ್‌ಡಿ, 0.6. ಹೊಂದಾಣಿಕೆಯ ಮಿತಿಗಳು −0.88ರಿಂದ +1.48. ಕೋರಿಲೇಶನ್ 0.98. ಮಿತಿಯ ಗೆರೆಗಳ ಆಚೆ ಎರಡೇ ಚುಕ್ಕಿ.

ಮೀಟರ್ ಮಾರಲು ಬಂದವರು «0.98 ಇದೆ, ಇನ್ನೇನು ಬೇಕು» ಅಂದರು. ನಮ್ಮ ಮುಖ್ಯಸ್ಥರಿಗೆ ಒಂದೇ ಸಾಲು ಬೇಕು: ಒಪ್ಪಬಹುದು ಅಥವಾ ಬೇಡ. ಈ ಮಿತಿಗಳು ಚೆನ್ನಾಗಿವೆಯೋ ಇಲ್ಲವೋ ಅಂತ ಎಲ್ಲಿ ನೋಡಿ ಹೇಳುವುದು?

ಎಮ್ಮೆಸ್ಸಿ_ಎರಡನೇವರ್ಷ

40ರಲ್ಲಿ 38 ಒಳಗಿವೆ ಅಂದರೆ ಸರಿಯಾಗಿ 95 ಪರ್ಸೆಂಟ್. ನಿಯಮವೇ ಅದಲ್ವಾ? ಪಾಸ್ ಆಯಿತು ಅಂತ ಬರೆಯಿರಿ.

ಅಂಕಿಗಣ್ಣು

ಇಲ್ಲ. ಆ ಗೆರೆಗಳನ್ನು ಎಳೆದದ್ದೇ ಸರಾಸರಿಯಿಂದ ಎಸ್‌ಡಿಯ 1.96 ಪಟ್ಟು ಆಚೀಚೆ. ವ್ಯತ್ಯಾಸಗಳು ಹೆಚ್ಚುಕಡಿಮೆ ನಾರ್ಮಲ್ ಆಗಿ ಹರಡಿದ್ದರೆ 95 ಪರ್ಸೆಂಟ್ ಒಳಗೆ ಬೀಳಲೇಬೇಕು. ನಾವೇ ಕುರಿ ಸುತ್ತ ಬೇಲಿ ಕಟ್ಟಿ, ಆಮೇಲೆ ಕುರಿ ಒಳಗಿದೆ ಅಂತ ಖುಷಿಪಟ್ಟ ಹಾಗೆ. ಪೂರಾ ಕೆಟ್ಟ ಮೀಟರ್ ತಂದರೂ 40ರಲ್ಲಿ 38 ಒಳಗೇ ಇರುತ್ತವೆ. ಬೇಲಿ ಅಗಲವಾಗಿರುತ್ತದೆ, ಅಷ್ಟೆ.

ಮಿತಿಗಳು ಹೇಳುವುದು ಒಂದೇ ಮಾತು. ಮುಂದೆ ಇಂಥದೇ ಒಬ್ಬ ರೋಗಿ ಬಂದರೆ ಮೀಟರ್ ಅಂಕಿ ಲ್ಯಾಬ್ ಅಂಕಿಗಿಂತ 0.9 ಕಡಿಮೆಯಿಂದ 1.5 ಜಾಸ್ತಿವರೆಗೆ ಎಲ್ಲಿ ಬೇಕಾದರೂ ಇರಬಹುದು. ಇದು ಸಾಕೋ ಸಾಲದೋ ಅನ್ನುವುದು ಅಂಕಿಅಂಶದ ಪ್ರಶ್ನೆಯೇ ಅಲ್ಲ. ಆ ಅಂಕಿ ಇಟ್ಟುಕೊಂಡು ಏನು ಮಾಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ನಿಜ ಹೇಳಬೇಕೆಂದರೆ ಇದನ್ನು ಅಳತೆ ತೆಗೆಯುವ ಮೊದಲೇ ಬರೆದಿಡಬೇಕಿತ್ತು. ಅಂಕಿ ನೋಡಿದ ಮೇಲೆ ಎಲ್ಲರಿಗೂ ತಮ್ಮ ಅಂಕಿ ಸಾಕು ಅನಿಸುತ್ತದೆ.

ಹಾಗಾಗಿ ನನ್ನ ಮೂರು ಪ್ರಶ್ನೆ. ಯಾವ ಅಂಕಿಯ ಹತ್ತಿರ ಡಾಕ್ಟರ ನಿರ್ಧಾರ ಬದಲಾಗುತ್ತದೆ? ಪ್ಲಾಟ್‌ನಲ್ಲಿ ಎಡದಿಂದ ಬಲಕ್ಕೆ ಹೋದಂತೆ ಚುಕ್ಕಿಗಳು ಒಂದೇ ಮಟ್ಟದಲ್ಲಿವೆಯಾ, ಇಳಿಯುತ್ತಿವೆಯಾ? ಎರಡೂ ಯಂತ್ರಕ್ಕೆ ಹಾಕಿದ್ದು ಒಂದೇ ರಕ್ತವಾ?

ಸಮರೇಖೆ

ಸುಮ್ನೆ ಜಟಿಲ ಮಾಡುತ್ತಿದ್ದೀರಿ ಅನಿಸುತ್ತದೆ. ಮೀಟರ್ ಸರಾಸರಿ 0.3 ಜಾಸ್ತಿ ತೋರಿಸುತ್ತದೆ. ಪೇರ್ಡ್ ಟಿ-ಟೆಸ್ಟ್ ಮಾಡಿದರೆ ಅದು ನಿಜವಾದ ವ್ಯತ್ಯಾಸ ಅಂತಲೇ ಬರುತ್ತದೆ. ಪ್ರತಿ ಅಂಕಿಯಿಂದ 0.3 ಕಳೆದುಬಿಡಿ. ಬಯಾಸ್ ಹೋಯಿತು. ಕೋರಿಲೇಶನ್ 0.98 ಇರುವಾಗ ಉಳಿದದ್ದರ ಬಗ್ಗೆ ಯಾಕೆ ಚಿಂತೆ?

ಅಂಕಿಗಣ್ಣು

ಬಯಾಸ್ ಎಲ್ಲ ಕಡೆ ಒಂದೇ ಇದ್ದರೆ ಕಳೆಯಬಹುದು ಅನ್ನುವುದು ಸರಿ. ಇಲ್ಲಿ ಹಾಗಿದೆಯಾ ಅಂತ ಇನ್ನೂ ಗೊತ್ತಿಲ್ಲ. ಅದಕ್ಕೇ ಇಳಿಜಾರು ಕೇಳಿದ್ದು.

ಕೋರಿಲೇಶನ್ ವಿಷಯಕ್ಕೆ ಬಂದರೆ, 1986ರಲ್ಲಿ ಲ್ಯಾನ್ಸೆಟ್‌ನಲ್ಲಿ ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ ಬರೆದ ಲೇಖನದ ಉದಾಹರಣೆಯೇ ಸಾಕು. ಉಸಿರಿನ ವೇಗ ಅಳೆಯುವ ದೊಡ್ಡ ಪೀಕ್ ಫ್ಲೋ ಮೀಟರ್ ಒಂದು, ಅದರ ಚಿಕ್ಕ ರೂಪ ಇನ್ನೊಂದು. 17 ಜನರಲ್ಲಿ ಹೋಲಿಸಿದರು. ಕೋರಿಲೇಶನ್ 0.94. ಸರಾಸರಿ ವ್ಯತ್ಯಾಸ ನಿಮಿಷಕ್ಕೆ ಬರೀ 2 ಲೀಟರ್ ಆಸುಪಾಸು. ಟಿ-ಟೆಸ್ಟ್ ಕೇಳಿದರೆ ಎರಡೂ ಒಂದೇ ಅನ್ನುತ್ತದೆ. ಆದರೆ ಹೊಂದಾಣಿಕೆಯ ಮಿತಿಗಳು ಸುಮಾರು −80ರಿಂದ +76 ಲೀಟರ್. ಒಬ್ಬ ರೋಗಿಯನ್ನು ಎದುರಿಗೆ ಕೂರಿಸಿಕೊಂಡವರಿಗೆ ಅದು ತೀರಾ ಜಾಸ್ತಿ.

ನಿಮ್ಮ 0.98 ಎಲ್ಲಿಂದ ಬಂತು ಅಂದರೆ, ರೋಗಿಗಳು ಒಬ್ಬರಿಗಿಂತ ಒಬ್ಬರು ತುಂಬಾ ಬೇರೆ ಇದ್ದಾರೆ. 6 ಇರುವವರೂ ಇದ್ದಾರೆ, 16 ಇರುವವರೂ ಇದ್ದಾರೆ. ಅಷ್ಟು ಅಗಲದಲ್ಲಿ ಯಾವ ಎರಡು ಯಂತ್ರ ಇಟ್ಟರೂ ಅಂಕಿಗಳು ಒಟ್ಟಿಗೆ ಏರಿಳಿಯುತ್ತವೆ. ಬರೀ 12ರಿಂದ 14 ಇರುವವರನ್ನು ತೆಗೆದುಕೊಳ್ಳಿ. ಅದೇ ಮೀಟರ್, ಅದೇ ತಪ್ಪು. ಕೋರಿಲೇಶನ್ ಮಾತ್ರ ಕುಸಿಯುತ್ತದೆ.

ಸಂಜೆಪಾಳಿ_ಲ್ಯಾಬ್

ಉತ್ತರ ಕೊಡುತ್ತೇನೆ.

ಮೀಟರ್ ಹೋಗುವುದು ವಾರ್ಡ್ ಮತ್ತು ತುರ್ತು ವಿಭಾಗಕ್ಕೆ. ರಕ್ತ ಕೊಡಬೇಕಾ ಅಂತ ನೋಡುವಾಗ 7ರ ಕೆಳಗೆ ಇದೆಯಾ ಅಂತ ಕೇಳುತ್ತಾರೆ.

ಚುಕ್ಕಿಗಳು ಇಳಿಯುತ್ತಿವೆ. ನೀವು ಕೇಳಿದ ಮೇಲೆ ಮತ್ತೆ ನೋಡಿದಾಗ ಸ್ಪಷ್ಟವಾಗಿ ಕಾಣಿಸಿತು. 8ಕ್ಕಿಂತ ಕಡಿಮೆ ಇರುವವರು ಆರು ಜನ. ಆರೂ ಚುಕ್ಕಿ ಸೊನ್ನೆಯ ಮೇಲೆ. 14 ದಾಟಿದ ಕಡೆ ಹೆಚ್ಚಿನವು ಸೊನ್ನೆಯ ಕೆಳಗೆ. ಮಧ್ಯದಲ್ಲಿ ಎರಡೂ ಕಡೆ ಬೆರೆತಿವೆ.

ರಕ್ತ ಒಂದೇ ಅಲ್ಲ. ಲ್ಯಾಬ್‌ಗೆ ರಕ್ತನಾಳದಿಂದ ತೆಗೆದ ಇಡಿಟಿಎ ಟ್ಯೂಬ್, ಮೀಟರ್‌ಗೆ ಬೆರಳಿನ ಹನಿ. ಎರಡರ ನಡುವೆ ಹತ್ತು ನಿಮಿಷಕ್ಕಿಂತ ಜಾಸ್ತಿ ಅಂತರ ಇಲ್ಲ.

ವಾರ್ಡ್_ಡಾಕ್ಟರ್

ಬಳಸುವವಳು ನಾನು, ಹಾಗಾಗಿ ಒಂದು ಮಾತು. ಬರೀ ಅಂಕಿ ನೋಡಿ ನಾವು ರಕ್ತ ಕೊಡುವುದಿಲ್ಲ. ರೋಗಿ ಹೇಗಿದ್ದಾನೆ, ರಕ್ತ ಹೋಗುತ್ತಿದೆಯಾ, ಹೃದಯದ ತೊಂದರೆ ಇದೆಯಾ, ಎಲ್ಲ ನೋಡುತ್ತೇವೆ. ಆದರೆ 7 ಅನ್ನುವುದು ತಲೆಯಲ್ಲಿ ಇರುತ್ತದೆ ಅನ್ನುವುದು ನಿಜ.

14 ಇರುವವನಿಗೆ 15.5 ತೋರಿಸಿದರೆ ನನಗೆ ಏನೂ ವ್ಯತ್ಯಾಸ ಇಲ್ಲ. 6.3 ಇರುವವನಿಗೆ 7.8 ತೋರಿಸಿದರೆ ನಾನು ಮುಂದಿನ ಹಾಸಿಗೆಗೆ ಹೋಗಿಬಿಡುತ್ತೇನೆ. ಅದೇ 1.5 ಗ್ರಾಂ. ಹಾಗಾಗಿ «ಮಿತಿ ಎಷ್ಟಿದ್ದರೆ ಸರಿ» ಅಂತ ಒಂದೇ ಅಂಕಿ ಕೇಳಬೇಡಿ. 7ರ ಹತ್ತಿರ ಒಂದು ಗ್ರಾಂ ಒಳಗೆ ಇರಲಿ, ಅದೂ ಜಾಸ್ತಿ ತೋರಿಸುವ ಕಡೆಗೆ ಇನ್ನೂ ಬಿಗಿಯಾಗಿ. ಮೇಲುಗಡೆ ನೀವು ಏನು ಬೇಕಾದರೂ ಮಾಡಿಕೊಳ್ಳಿ.

ಅಂಕಿಗಣ್ಣು

ಡಾಕ್ಟ್ರೇ, ನಮಗೆ ಬೇಕಿದ್ದದ್ದು ಇದೇ ಮಾತು.

ಈಗ ಸಂಜೆಪಾಳಿಯವರ ಪ್ಲಾಟ್‌ಗೆ ಬರೋಣ. ಚುಕ್ಕಿಗಳು ಇಳಿಯುತ್ತಿದ್ದರೆ +0.3 ಅನ್ನುವ ಸರಾಸರಿ ಯಾರಿಗೂ ಸೇರಿದ್ದಲ್ಲ. ಕೆಳಗಿನವರಿಗೆ ಅದು ತೀರಾ ಕಡಿಮೆ, ಮೇಲಿನವರಿಗೆ ತೀರಾ ಜಾಸ್ತಿ. ಇಳಿಜಾರಿನಿಂದಾದ ಹರಡುವಿಕೆಯೂ 0.6 ಎಸ್‌ಡಿ ಒಳಗೆ ಸೇರಿಕೊಂಡಿದೆ. ಹಾಗಾಗಿ ಮಿತಿಗಳು ಬೇಕಾದ್ದಕ್ಕಿಂತ ಅಗಲ, ಜೊತೆಗೆ ತಪ್ಪು ಜಾಗದಲ್ಲಿ.

ಅಡ್ಡ ಗೆರೆಯ ಬದಲು ಓರೆ ಗೆರೆ ಎಳೆಯಿರಿ. ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ 1999ರ ಲೇಖನದಲ್ಲಿ ಈ ದಾರಿಯನ್ನೇ ತೋರಿಸಿದ್ದಾರೆ. ಆರ್‌ನಲ್ಲಿ ನಾಲ್ಕೈದು ಸಾಲು:

```r
d <- meter - lab
a <- (meter + lab) / 2
fit <- lm(d ~ a)
coef(fit)
sigma(fit)
summary(lm(abs(resid(fit)) ~ a))
```

ಕೊನೆಯ ಸಾಲು ಯಾಕೆ ಅಂದರೆ, ಓರೆ ಗೆರೆಯ ಸುತ್ತ ಚುಕ್ಕಿಗಳ ಹರಡುವಿಕೆಯೂ ಅಳತೆಯ ಜೊತೆ ಬೆಳೆಯುತ್ತಿದೆಯಾ ಅಂತ ನೋಡಲು. ಬೆಳೆಯುತ್ತಿದ್ದರೆ ಮಿತಿಯ ಗೆರೆಗಳು ಬೀಸಣಿಗೆಯಾಗಿ ತೆರೆದುಕೊಳ್ಳುತ್ತವೆ, ಆಗ ಲಾಗ್ ತೆಗೆಯುವ ಯೋಚನೆ ಮಾಡಬೇಕಾಗುತ್ತದೆ. ಓಡಿಸಿ, ಬಂದದ್ದನ್ನು ಇಲ್ಲಿ ಹಾಕಿ.

ಸಂಜೆಪಾಳಿ_ಲ್ಯಾಬ್

ಓಡಿಸಿದೆ. ಇಂಟರ್‌ಸೆಪ್ಟ್ 1.62, ಇಳಿಜಾರು −0.12, sigma 0.5. ಹರಡುವಿಕೆ ಬೆಳೆಯುತ್ತಿರುವ ಹಾಗೆ ಕಾಣಿಸಲಿಲ್ಲ, ಕೊನೆಯ ಸಾಲಿನಲ್ಲಿ ಇಳಿಜಾರು ಸೊನ್ನೆಯ ಹತ್ತಿರವೇ ಬಂತು.

ಅಂಕಿಗಣ್ಣು

ಸರಿ, ಈಗ ಲೆಕ್ಕ ಹಾಕೋಣ. ಸರಾಸರಿ 15 ಇರುವ ಕಡೆ ನಿರೀಕ್ಷಿಸುವ ವ್ಯತ್ಯಾಸ 1.62 − 0.12 × 15, ಅಂದರೆ −0.18. 11ರ ಹತ್ತಿರ +0.30. 7ರ ಹತ್ತಿರ +0.78. ಪ್ರತಿ ಕಡೆಯೂ ಆಚೀಚೆ 1.96 × 0.5, ಅಂದರೆ 0.98 ಸೇರಿಸಿ. 7ರ ಬಳಿ ಮಿತಿಗಳು −0.20ರಿಂದ +1.76 ಆಗುತ್ತವೆ.

ಮೊದಲಿನ ಪ್ಲಾಟ್ ಡಾಕ್ಟರಿಗೆ ಹೇಳಿದ್ದೇನು? ಕೆಟ್ಟರೆ 1.5 ಜಾಸ್ತಿ, 0.9 ಕಡಿಮೆ, ಸಾಮಾನ್ಯವಾಗಿ 0.3 ಆಸುಪಾಸು. ನಿಜವಾಗಿ ಅವರಿಗೆ ಬೇಕಾದ ಜಾಗದಲ್ಲಿ ಮೀಟರ್ ಹೆಚ್ಚುಕಡಿಮೆ ಯಾವಾಗಲೂ ಜಾಸ್ತಿಯೇ ತೋರಿಸುತ್ತದೆ, 0.8ರಷ್ಟು. 0.3 ಕಳೆದರೂ ಅರ್ಧ ಗ್ರಾಂ ಅಲ್ಲೇ ಉಳಿಯುತ್ತದೆ. ಮೇಲುಗಡೆಯವರಿಗೆ ಅದೇ 0.3 ಕಳೆದು ಸುಮ್ನೆ ಹೊಸ ತಪ್ಪು ಹುಟ್ಟಿಸುತ್ತೀರಿ.

ಇನ್ನೊಂದು ಹೆಜ್ಜೆ. ವಾರ್ಡ್‌ನಲ್ಲಿ ಇರುವವರ ಕೈಯಲ್ಲಿ ಸರಾಸರಿ ಇರುವುದಿಲ್ಲ, ಮೀಟರ್ ಅಂಕಿ ಮಾತ್ರ ಇರುತ್ತದೆ. ಹಾಗಾಗಿ ಸಮೀಕರಣವನ್ನು ತಿರುಗಿಸಿ ಬರೆಯಬೇಕು:

```
meter - lab = 1.62 - 0.12 * (meter + lab) / 2
lab = (1.06 * meter - 1.62) / 0.94  ±  0.98 / 0.94
```

ಮೀಟರ್ 7.5 ತೋರಿಸಿತು ಅಂದುಕೊಳ್ಳಿ. ಲ್ಯಾಬ್‌ನಲ್ಲಿ ಬರಬಹುದಾದ ಅಂಕಿ 6.73. ಆಚೀಚೆ 1.04. ಅಂದರೆ ಸುಮಾರು 5.7ರಿಂದ 7.8ರವರೆಗೆ. «7.5 ಇದೆ, ಪರವಾಗಿಲ್ಲ» ಅಂದುಕೊಂಡ ರೋಗಿ ಅರ್ಧಕ್ಕಿಂತ ಜಾಸ್ತಿ ಸಲ 7ರ ಕೆಳಗೇ ಇರುತ್ತಾನೆ.

ವಾರ್ಡ್_ಡಾಕ್ಟರ್

ಇದು ಭಯ ಹುಟ್ಟಿಸುವ ಹಾಗಿದೆ. 0.98 ಅಂದಾಗ ಇದೆಲ್ಲ ಎಲ್ಲಿ ಅಡಗಿತ್ತು?

ಸಮರೇಖೆ

ಒಂದು ನಿಮಿಷ. ಈ ಇಳಿಜಾರು ನಿಜವೇ ಅಂತ ಮೊದಲು ಕೇಳಬೇಕು. ಸರಾಸರಿಯ ಎದುರು ಯಾಕೆ ಹಾಕುತ್ತೀರಿ? ಸತ್ಯಕ್ಕೆ ಹತ್ತಿರ ಇರುವುದು ಲ್ಯಾಬ್. ತಪ್ಪು ಇರುವ ಮೀಟರ್ ಅಂಕಿಯನ್ನು ಅಡ್ಡ ಅಕ್ಷದೊಳಗೂ ಬೆರೆಸುವುದು ಯಾವ ನ್ಯಾಯ? ಲ್ಯಾಬ್ ಅಂಕಿಯ ಎದುರು ಹಾಕಿ ನೋಡಿ.

ಅಂಕಿಗಣ್ಣು

ಅದರಲ್ಲೂ ಒಂದು ಬಲೆ ಇದೆ. ವ್ಯತ್ಯಾಸದೊಳಗೆ ಲ್ಯಾಬ್ ಅಂಕಿ ಮೈನಸ್ ಆಗಿ ಕೂತಿದೆ. ಲ್ಯಾಬ್ ಯಂತ್ರ ಒಂದು ಸಲ ತಪ್ಪಿ ಜಾಸ್ತಿ ಓದಿದರೆ ಚುಕ್ಕಿ ಬಲಕ್ಕೂ ಸರಿಯುತ್ತದೆ, ಕೆಳಕ್ಕೂ ಇಳಿಯುತ್ತದೆ. ಕಡಿಮೆ ಓದಿದರೆ ಎಡಕ್ಕೆ, ಮೇಲಕ್ಕೆ. ಎರಡು ಯಂತ್ರಗಳೂ ಒಂದೇ ಥರ ಇದ್ದರೂ ಇಳಿಜಾರು ಕಾಣಿಸುತ್ತದೆ. 1995ರಲ್ಲಿ ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ ಇದಕ್ಕಾಗಿಯೇ ಮತ್ತೊಂದು ಲೇಖನ ಬರೆದರು.

ಸಮರೇಖೆ

ಬರೆದರು, ಗೊತ್ತು. 2008ರಲ್ಲಿ ಅದಕ್ಕೆ ಎದುರು ವಾದವೂ ಬಂತು. ಹಳೆಯ ವಿಧಾನ ನಿಜವಾದ ರೆಫರೆನ್ಸ್ ಆಗಿದ್ದರೆ, ಅದರ ತಪ್ಪು ತೀರಾ ಚಿಕ್ಕದಿದ್ದರೆ, ಅದರ ಎದುರೇ ಹಾಕಬೇಕು ಅಂತ. ಆಗ ಸರಾಸರಿಯೇ ಮೋಸ ಮಾಡುತ್ತದೆ. ಮೀಟರ್ ತಪ್ಪು ದೊಡ್ಡದಾದರೆ ಸರಾಸರಿಯ ಎದುರು ಹಾಕಿದ ಪ್ಲಾಟ್ ಮೇಲಕ್ಕೆ ಏರುವ ಸುಳ್ಳು ಇಳಿಜಾರು ಕೊಡುತ್ತದೆ. ನೀವು ಒಂದು ಕಡೆಯ ಬಲೆ ಮಾತ್ರ ಹೇಳಿದಿರಿ.

ಅಂಕಿಗಣ್ಣು

ಒಪ್ಪುತ್ತೇನೆ, ಎರಡೂ ಕಡೆ ಬಲೆ ಇದೆ. ಯಾವುದು ದೊಡ್ಡದು ಅನ್ನುವುದು ಎರಡು ಯಂತ್ರಗಳ ತಪ್ಪಿನ ಗಾತ್ರದ ಮೇಲೆ, ರೋಗಿಗಳ ಹರಡುವಿಕೆಯ ಮೇಲೆ ನಿಂತಿದೆ. ಹಾಗಾದರೆ ಆ ಗಾತ್ರ ಅಳೆಯೋಣ. ಸಂಜೆಪಾಳಿಯವರೇ, ಒಂದೇ ರೋಗಿಗೆ ಎರಡೆರಡು ಸಲ ಅಳತೆ ತೆಗೆದದ್ದು ಇದೆಯಾ? ಲ್ಯಾಬ್‌ನಲ್ಲೂ, ಮೀಟರ್‌ನಲ್ಲೂ?

ಒತ್ತಡ_ಮಾಪಕ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಇಂಜಿನಿಯರ್. ಮಣಿಕಟ್ಟಿಗೆ ಕಟ್ಟುವ ಬಿಪಿ ಸಾಧನ ಮಾಡುತ್ತಿದ್ದೇವೆ. 10 ಜನ ಸಹೋದ್ಯೋಗಿಗಳಿಗೆ ತಲಾ ಆರು ಸಲ ಅಳೆದು 60 ಜೋಡಿ ಮಾಡಿದೆವು. ಮಿತಿಗಳು ನಿಮ್ಮದಕ್ಕಿಂತ ತುಂಬಾ ಚೆನ್ನಾಗಿ, ಆಚೀಚೆ ಹತ್ತು ಮಿಲಿಮೀಟರ್ ಒಳಗೆ ಬಂದಿವೆ. ಅಂದರೆ ಎರಡು ಸಲ ಅಳೆಯುವುದಕ್ಕಿಂತ ಆರು ಸಲ ಅಳೆದರೆ ಮಿತಿಗಳು ಬಿಗಿಯಾಗುತ್ತವೆ ಅಂತಾಯಿತಲ್ವಾ? ನೀವೂ ಹಾಗೇ ಮಾಡಿ.

ಅಂಕಿಗಣ್ಣು

ನಾನು ಕೇಳಿದ್ದು ಬೇರೆ. ಯಂತ್ರ ತನ್ನ ಮಾತನ್ನೇ ಎಷ್ಟು ಚೆನ್ನಾಗಿ ಮರಳಿ ಹೇಳುತ್ತದೆ ಅಂತ ನೋಡಲು ಎರಡು ಸಲ ಅಳೆಯುವುದು.

ನಿಮ್ಮ 60 ಜೋಡಿ ನಿಜವಾಗಿ 60 ಅಲ್ಲ. ನಿಮ್ಮ ಸಾಧನ ಒಬ್ಬನ ಕೈಯಲ್ಲಿ ಸದಾ 8 ಜಾಸ್ತಿ ತೋರಿಸಿದರೆ ಆ ಆರೂ ಚುಕ್ಕಿ ಒಟ್ಟಿಗೆ ಗುಂಪಾಗಿ ಕೂರುತ್ತವೆ. ನಿಮಗೆ ಗೊತ್ತಿರುವುದು ಹತ್ತು ಕೈಗಳ ಬಗ್ಗೆ ಮಾತ್ರ. 60 ಅಂತ ಲೆಕ್ಕ ಹಾಕಿದರೆ ಮಿತಿಗಳ ಬಗ್ಗೆ ಇಲ್ಲದ ಧೈರ್ಯ ಬರುತ್ತದೆ. ಆರರ ಸರಾಸರಿ ತೆಗೆದು 10 ಚುಕ್ಕಿ ಹಾಕಿದ್ದರೆ ಇನ್ನೂ ಮೋಸ. ಯಾಕೆಂದರೆ ಮನೆಯಲ್ಲಿ ಯಾರೂ ಆರು ಸಲ ಅಳೆದು ಸರಾಸರಿ ತೆಗೆಯುವುದಿಲ್ಲ. ಒಬ್ಬರೊಳಗಿನ ಹರಡುವಿಕೆ, ಒಬ್ಬರಿಂದೊಬ್ಬರಿಗೆ ಇರುವ ಹರಡುವಿಕೆ, ಎರಡನ್ನೂ ಬೇರೆ ಮಾಡಿ ಆಮೇಲೆ ಕೂಡಿಸಬೇಕು. ಪ್ಲಾಟ್‌ನಲ್ಲಿ ಪ್ರತಿ ವ್ಯಕ್ತಿಗೆ ಒಂದು ಬಣ್ಣ ಕೊಡಿ. ಬಣ್ಣಗಳು ಗುಂಪುಗುಂಪಾಗಿ ಕಂಡರೆ ನಾನು ಹೇಳಿದ್ದು ಅದೇ. ಇದಕ್ಕೆ ಬೇರೆ ಎಳೆ ತೆರೆಯಿರಿ, ಅಲ್ಲಿ ಮಾತಾಡೋಣ. ಬಿಪಿ ಸಾಧನಗಳಿಗೆ ಕನಿಷ್ಠ 85 ಜನ ಬೇಕು ಅನ್ನುವ ಮಾನದಂಡ ಇರುವುದು ಸುಮ್ನೆ ಅಲ್ಲ.

ಒತ್ತಡ_ಮಾಪಕ

ಬಣ್ಣ ಹಾಕಿ ನೋಡಿದೆ. ಹತ್ತು ಗುಂಪು ಎದ್ದು ಕಾಣುತ್ತಿವೆ. ಹೊಸ ಎಳೆ ತೆರೆಯುತ್ತೇನೆ.

ಸಂಜೆಪಾಳಿ_ಲ್ಯಾಬ್

ಎರಡೆರಡು ಸಲದ್ದು ಮೊದಲು ಇರಲಿಲ್ಲ. ಈ ವಾರ 20 ರೋಗಿಗಳಲ್ಲಿ ಮಾಡಿದೆ. ಲ್ಯಾಬ್‌ನಲ್ಲಿ ಒಂದೇ ಟ್ಯೂಬನ್ನು ಎರಡು ಸಲ ಓಡಿಸಿದೆ. ಮೀಟರ್‌ನಲ್ಲಿ ಎರಡು ಬೇರೆ ಬೆರಳಿನ ಹನಿ. ಪ್ರತಿ ಜೋಡಿಯ ವ್ಯತ್ಯಾಸದ ವರ್ಗ ಕೂಡಿಸಿ, ಜೋಡಿಗಳ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ, ವರ್ಗಮೂಲ ತೆಗೆದೆ. ಲ್ಯಾಬ್‌ಗೆ 0.1 ಬಂತು. ಮೀಟರ್‌ಗೆ 0.35.

ಅಂಕಿಗಣ್ಣು

ಇದು ಚಿನ್ನದಂಥ ಮಾಹಿತಿ. ಎರಡು ಉಪಯೋಗ ಇದೆ.

ಮೊದಲು ಸಮರೇಖೆಯವರ ಪ್ರಶ್ನೆ. ಲ್ಯಾಬ್ ತಪ್ಪಿನ ವರ್ಗ 0.01. ರೋಗಿಗಳ ಹರಡುವಿಕೆಯ ಎಸ್‌ಡಿ ಸುಮಾರು 3, ವರ್ಗ 9ರ ಹತ್ತಿರ. ಹಾಗಾಗಿ ಲ್ಯಾಬ್ ಎದುರು ಹಾಕಿದರೆ ಬರುವ ಸುಳ್ಳು ಇಳಿಜಾರು ಸುಮಾರು −0.001. ಲೆಕ್ಕಕ್ಕೇ ಇಲ್ಲ. ಸರಾಸರಿ ಎದುರು ಹಾಕಿದರೆ ಮೀಟರ್ ತಪ್ಪಿನಿಂದ ಬರುವ ಸುಳ್ಳು ಇಳಿಜಾರೂ ಪ್ಲಸ್ 0.01ರ ಆಸುಪಾಸು, ಅದೂ ಎದುರು ದಿಕ್ಕಿಗೆ. ಹೇಗೆ ಹಾಕಿದರೂ −0.12 ನಿಜವೇ.

ಎರಡನೆಯದು. ಎರಡು ಯಂತ್ರಗಳ ತಮ್ಮ ತಮ್ಮ ಅಲುಗಾಟ ಕೂಡಿಸಿದರೆ 0.1ರ ವರ್ಗ, 0.35ರ ವರ್ಗ, ವರ್ಗಮೂಲ 0.36. ಓರೆ ಗೆರೆಯ ಸುತ್ತ ಹರಡಿದ್ದು 0.5. ಅಂದರೆ ಹೊಂದಾಣಿಕೆ ಕೆಡುವುದರಲ್ಲಿ ವರ್ಗಗಳ ಲೆಕ್ಕದಲ್ಲಿ ಸುಮಾರು ಅರ್ಧ ಪಾಲು ಮೀಟರ್ ತನ್ನೊಂದಿಗೆ ತಾನೇ ಒಪ್ಪದಿರುವುದು. ಎರಡು ಬೆರಳಿನ ಅಂಕಿಗಳೇ 2.77 × 0.35, ಅಂದರೆ ಸುಮಾರು 1 ಗ್ರಾಂವರೆಗೆ ಬೇರೆ ಬರಬಹುದು. ತನ್ನ ಅಂಕಿಯನ್ನೇ ಮರಳಿ ಹೇಳಲಾಗದ ಯಂತ್ರ ಬೇರೆ ಯಂತ್ರದ ಜೊತೆ ಹೇಗೆ ಹೊಂದುತ್ತದೆ?

ಆದರೆ ಅಲುಗುತ್ತಿರುವುದು ಮೀಟರೋ ಬೆರಳೋ? ಅದು ಇನ್ನೂ ಗೊತ್ತಿಲ್ಲ. ನೀವು ಹೋಲಿಸಿದ್ದು ಯಂತ್ರವನ್ನು ಯಂತ್ರದ ಜೊತೆ ಅಲ್ಲ. ಮೀಟರ್, ಬೆರಳಿನ ಹನಿ, ಚುಚ್ಚಿದವರ ಕೈ ಮೂರನ್ನೂ ಸೇರಿಸಿ ಹೋಲಿಸಿದ್ದೀರಿ. ಬೆರಳನ್ನು ಹಿಂಡಿದರೆ ಅಂಗಾಂಶದ ನೀರು ಬೆರೆಯುತ್ತದೆ. ಹನಿಯಿಂದ ಹನಿಗೆ ಅಂಕಿ ಬದಲಾಗುತ್ತದೆ. ಲ್ಯಾಬ್‌ನಲ್ಲಿ ಉಳಿದ ಟ್ಯೂಬಿನ ರಕ್ತವನ್ನೇ ಮೀಟರ್‌ಗೆ ಹಾಕಿ ನೋಡಿ. ಚೆನ್ನಾಗಿ ಮೇಲೆ ಕೆಳಗೆ ಮಾಡಿ ಬೆರೆಸಿ ಹಾಕಿ, ಇಲ್ಲದಿದ್ದರೆ ಕಣಗಳು ತಳಕ್ಕೆ ಕೂತು ಇನ್ನೊಂದು ತಪ್ಪು ಸೇರಿಕೊಳ್ಳುತ್ತದೆ.

ಸಮರೇಖೆ

ಇಳಿಜಾರು ನಿಜ ಅನ್ನುವುದನ್ನು ಒಪ್ಪಿದೆ. ಇಲ್ಲಿ ಎರಡು ಪ್ಲಾಟ್‌ಗಳೂ ಒಂದೇ ಕಥೆ ಹೇಳುತ್ತವೆ. ಆದರೂ ಲ್ಯಾಬ್ ಇಷ್ಟು ನಿಖರವಾಗಿರುವಾಗ ನಾನು ಲ್ಯಾಬ್ ಎದುರೇ ಹಾಕುತ್ತೇನೆ. ಸರಾಸರಿ ಹಾಕುವುದು ಅಭ್ಯಾಸ ಅಷ್ಟೆ.

ಅಂಕಿಗಣ್ಣು

ಹಾಕಿ. ಹಳೆಯ ಯಂತ್ರವೂ ಅಲುಗಾಡುವ ಕಡೆ ಮಾತ್ರ ನಿಮ್ಮ ಜೊತೆ ಜಗಳ ಮುಂದುವರಿಸುತ್ತೇನೆ.

ಸಂಜೆಪಾಳಿ_ಲ್ಯಾಬ್

ಟ್ಯೂಬಿನ ರಕ್ತ ಹಾಕಿ ನೋಡಿದೆ. 6ರಿಂದ 8ರ ನಡುವೆ ಇರುವ 12 ಟ್ಯೂಬ್ ಸಿಕ್ಕವು. ಮೀಟರ್ ಸರಾಸರಿ 0.6 ಜಾಸ್ತಿ ತೋರಿಸಿತು. ಆದರೆ ವ್ಯತ್ಯಾಸಗಳ ಎಸ್‌ಡಿ ಬರೀ 0.25.

ವಾರ್ಡ್_ಡಾಕ್ಟರ್

ಅಂದರೆ ಯಂತ್ರ ಒಳ್ಳೆಯದು, ನಮ್ಮ ನರ್ಸ್‌ಗಳ ಕೈ ಸರಿ ಇಲ್ಲ ಅಂತಲಾ?

ಅಂಕಿಗಣ್ಣು

ಹಾಗಲ್ಲ ಮೇಡಂ. ಎರಡು ತಪ್ಪು ಬೇರೆ ಬೇರೆಯಾದವು. ಚುಕ್ಕಿಗಳು ಚೆಲ್ಲಾಡುವುದು ಹೆಚ್ಚಾಗಿ ಬೆರಳಿನಿಂದ. ಯಾರ ಕೈಯಲ್ಲಾದರೂ ಸ್ವಲ್ಪ ಇರುತ್ತದೆ. ಮೊದಲ ಹನಿ ಒರೆಸುವುದು, ಹಿಂಡದಿರುವುದು, ಕೈ ಬೆಚ್ಚಗಿರುವುದು ಸರಿಯಾದರೆ ಕಡಿಮೆಯಾಗುತ್ತದೆ, ಸೊನ್ನೆಯಾಗುವುದಿಲ್ಲ. ಆದರೆ ಕೆಳಗಿನ ಕಡೆ ಜಾಸ್ತಿ ತೋರಿಸುವುದು ಟ್ಯೂಬಿನ ರಕ್ತದಲ್ಲೂ ಹೋಗಿಲ್ಲ. ಅದು ಮೀಟರ್‌ನದೇ, ಇಲ್ಲವೇ ಹನಿ ತುಂಬಿ ಮೀಟರ್‌ಗೆ ಹಾಕುವ ಆ ಬ್ಯಾಚಿನ ಕ್ಯುವೆಟ್‌ಗಳದು. ತರಬೇತಿ ಕೊಟ್ಟರೆ ಅದು ಸರಿಹೋಗುವುದಿಲ್ಲ. ಬೇರೆ ಬ್ಯಾಚ್ ಹಾಕಿ ನೋಡಬೇಕು.

ವಾರ್ಡ್_ಡಾಕ್ಟರ್

ಸರಿ. ನನಗೆ ಬಳಸಲು ಒಂದು ದಾರಿ ಹೇಳಿ. ಮೀಟರ್ ಯಾವ ಅಂಕಿ ತೋರಿಸಿದರೆ ನಾನು ನೆಮ್ಮದಿಯಾಗಿ ಲ್ಯಾಬ್‌ಗೆ ಕಳಿಸದೆ ಇರಬಹುದು?

ಎಮ್ಮೆಸ್ಸಿ_ಎರಡನೇವರ್ಷ

ನಾನು ಪ್ರಯತ್ನಿಸಲಾ? ಲ್ಯಾಬ್ ಅಂಕಿಯ ಕೆಳಗಿನ ಮಿತಿ 7ಕ್ಕಿಂತ ಮೇಲಿರಬೇಕು. ಮೇಲಿನ ಸೂತ್ರದಲ್ಲಿ (1.06 × ಮೀಟರ್ − 1.62 − 0.98) / 0.94 ಅನ್ನುವುದು 7 ಆಗುವುದು ಮೀಟರ್ 8.66 ಇದ್ದಾಗ. ಅಂದರೆ 8.7 ಮತ್ತು ಮೇಲೆ ತೋರಿಸಿದರೆ ಲ್ಯಾಬ್‌ನಲ್ಲಿ 7ರ ಕೆಳಗೆ ಬರುವ ಸಾಧ್ಯತೆ ತೀರಾ ಕಡಿಮೆ.

ಅಂಕಿಗಣ್ಣು

ಲೆಕ್ಕ ಸರಿ. ಆದರೆ 8.7 ಅನ್ನುವ ದಶಮಾಂಶವನ್ನು ನಂಬಬೇಡಿ. ಮಿತಿಗಳೂ ಅಂದಾಜುಗಳೇ. ಮೊದಲಿನ ಸರಳ ಪ್ಲಾಟ್‌ನಲ್ಲೇ 40 ಜೋಡಿಗೆ ಮೇಲಿನ ಮಿತಿ 1.48 ಅಂತ ಬಂದದ್ದು ನಿಜವಾಗಿ 1.15ರಿಂದ 1.81ರವರೆಗೆ ಎಲ್ಲಾದರೂ ಇರಬಹುದು. ಮಿತಿಯ ಸ್ಟ್ಯಾಂಡರ್ಡ್ ಎರರ್ ಸುಮಾರಾಗಿ ಎಸ್‌ಡಿಯನ್ನು 3/n ವರ್ಗಮೂಲದಿಂದ ಗುಣಿಸಿದ್ದು. 100 ಜೋಡಿ ಇದ್ದರೂ ಆಚೀಚೆ ಎಸ್‌ಡಿಯ ಮೂರನೇ ಒಂದು ಪಾಲಿನಷ್ಟು ಅನುಮಾನ ಉಳಿಯುತ್ತದೆ. ಓರೆ ಗೆರೆಯ ತುದಿಯಲ್ಲಿ ಇನ್ನೂ ಜಾಸ್ತಿ. ನಮಗೆ ಬೇಕಾದ ಜಾಗದಲ್ಲಿ ಇರುವುದು ಆರೇ ಜನ.

ಸದ್ಯಕ್ಕೆ ನಾನಾದರೆ 9 ಅಂತ ಇಡುತ್ತೇನೆ. 9 ತೋರಿಸಿದಾಗ ಲ್ಯಾಬ್‌ನ ಅಂದಾಜು 8.4, ಕೆಳಗಿನ ಮಿತಿ 7.4. ಸ್ವಲ್ಪ ಉಸಿರಾಡಲು ಜಾಗ ಇದೆ. 9ರ ಕೆಳಗೆ ತೋರಿಸಿದವರೆಲ್ಲ ಟ್ಯೂಬ್ ಕಳಿಸಲಿ. ಇದೂ ಈಗಲೇ ರಕ್ತ ಹೋಗುತ್ತಿರುವವರಿಗೆ ಅಲ್ಲ. ಅವರಲ್ಲಿ ಅಂಕಿ ಗಂಟೆಗೊಂದು ಥರ ಬದಲಾಗುತ್ತದೆ, ಅಂಥವರು ಈ 40 ಜನರಲ್ಲಿ ಇದ್ದರೋ ಇಲ್ಲವೋ.

ಸಂಜೆಪಾಳಿ_ಲ್ಯಾಬ್

ತೀವ್ರ ರಕ್ತಸ್ರಾವ ಇರುವವರನ್ನು ತೆಗೆದುಕೊಂಡಿರಲಿಲ್ಲ.

ಒಂದು ಸಂದೇಹ. ಸೂತ್ರ ಸಿಕ್ಕಿತಲ್ಲ, ಮೀಟರ್ ಪಕ್ಕ ಒಂದು ಪಟ್ಟಿ ಅಂಟಿಸಿ «7.5 ಅಂದರೆ 6.7» ಅಂತ ಬರೆದರೆ ಬಯಾಸ್ ಹೋಗುತ್ತದೆ ಅಲ್ವಾ? ಆಮೇಲೆ 9ರ ಬದಲು ಕಡಿಮೆ ಅಂಕಿಗೇ ನಿಲ್ಲಬಹುದು.

ಸಮರೇಖೆ

ಹೌದು, ನಾನು ಮೊದಲಿಂದ ಹೇಳುತ್ತಿರುವುದೂ ಅದೇ. 0.3 ಅಲ್ಲದಿದ್ದರೆ ಓರೆ ತಿದ್ದುಪಡಿ.

ವಾರ್ಡ್_ಡಾಕ್ಟರ್

ದಯವಿಟ್ಟು ಬೇಡ. ರಾತ್ರಿ ಎರಡು ಗಂಟೆಗೆ ಒಬ್ಬರು ಪಟ್ಟಿ ನೋಡುತ್ತಾರೆ, ಒಬ್ಬರು ನೋಡುವುದಿಲ್ಲ. ಕೇಸ್ ಶೀಟ್‌ನಲ್ಲಿ 7.5 ಅಂತ ಬರೆದಿದ್ದರೆ ಅದು ತಿದ್ದಿದ್ದೋ ತಿದ್ದದ್ದೋ ಅಂತ ಬೆಳಿಗ್ಗೆ ಬಂದವರು ಊಹೆ ಮಾಡಬೇಕು.

ಅಂಕಿಗಣ್ಣು

ಡಾಕ್ಟರ ಮಾತಿಗೆ ನನ್ನ ಓಟು. ಇನ್ನೊಂದು ಕಾರಣವೂ ಇದೆ. ತಿದ್ದುಪಡಿ ಓರೆ ಗೆರೆಯನ್ನು ನೇರ ಮಾಡುತ್ತದೆ, ಹರಡುವಿಕೆಯನ್ನು ಕಡಿಮೆ ಮಾಡುವುದಿಲ್ಲ. 1.04 ಹಾಗೇ ಉಳಿಯುತ್ತದೆ. ಲ್ಯಾಬ್‌ಗೆ ಕಳಿಸಬೇಕಾದ ರೋಗಿಗಳೂ ಅವರೇ, ಪಟ್ಟಿಯಲ್ಲಿ ಅಂಕಿಯ ಹೆಸರು ಬದಲಾಗುತ್ತದೆ ಅಷ್ಟೆ. ಜೊತೆಗೆ ಈ 1.62, 0.12 ಒಂದು ಬ್ಯಾಚಿನ ಕ್ಯುವೆಟ್‌ನಿಂದ ಬಂದವು. ಮುಂದಿನ ಬ್ಯಾಚ್‌ನಲ್ಲಿ ಇಳಿಜಾರು ಮಾಯವಾದರೆ ನಿಮ್ಮ ಪಟ್ಟಿಯೇ ತಪ್ಪು ಹುಟ್ಟಿಸುತ್ತದೆ. ತಿದ್ದುವುದಿದ್ದರೆ ತಯಾರಕರು ಯಂತ್ರದೊಳಗೇ ತಿದ್ದಲಿ. ನೀವು ಪ್ಲಾಟ್ ಕಳಿಸಿ ಕೇಳಿ.

ಸಮರೇಖೆ

ಮೂರು ಬ್ಯಾಚ್‌ನಲ್ಲೂ ಅದೇ ಇಳಿಜಾರು ಬಂದರೆ?

ಅಂಕಿಗಣ್ಣು

ಬಂದರೆ ಮತ್ತೆ ಮಾತಾಡೋಣ. ಆಗಲೂ ಪಟ್ಟಿ ಅಂಟಿಸುವುದಕ್ಕೆ ನಾನು ಒಪ್ಪುವುದು ಅನುಮಾನ.

ಸಂಜೆಪಾಳಿ_ಲ್ಯಾಬ್

ಮುಖ್ಯಸ್ಥರಿಗೆ ಒಂದು ಸಾಲಿನ ಬದಲು ಮೂರು ಸಾಲು ಕೊಟ್ಟೆ. 9 ಮತ್ತು ಮೇಲೆ ತೋರಿಸಿದರೆ ಬಳಸಬಹುದು. 9ರ ಕೆಳಗೆ ತೋರಿಸಿದರೆ ಟ್ಯೂಬ್ ಕಳಿಸಬೇಕು. ರಕ್ತಸ್ರಾವ ಇರುವವರಿಗೆ ಬೇಡ. ಎರಡನೇ ಬ್ಯಾಚ್ ಕ್ಯುವೆಟ್ ತರಿಸಿದ್ದೇವೆ. ಈ ಸಲ 9ರ ಕೆಳಗಿನವರನ್ನೇ ಹುಡುಕಿ 30 ಜನರಾದರೂ ಸಿಗುವವರೆಗೆ ತೆಗೆಯುತ್ತೇನೆ. ಪ್ರತಿಯೊಬ್ಬರಿಗೂ ಎರಡು ಬೆರಳು, ಒಂದು ಟ್ಯೂಬ್.

ಎಮ್ಮೆಸ್ಸಿ_ಎರಡನೇವರ್ಷ

ಮೊದಲಿನ 40, ಟ್ಯೂಬಿನ 12, ಹೊಸ 30 ಎಲ್ಲ ಸೇರಿಸಿದರೆ 82 ಆಗುತ್ತದೆ. ಒಂದೇ ಪ್ಲಾಟ್ ಮಾಡಬಹುದಾ?

ಅಂಕಿಗಣ್ಣು

12 ಬೇರೆ ಇಡಿ, ಅದು ಬೆರಳಿನ ರಕ್ತ ಅಲ್ಲ. 40 ಮತ್ತು 30 ಒಂದೇ ಪ್ಲಾಟ್‌ನಲ್ಲಿ ಹಾಕಿ, ಆದರೆ ಬ್ಯಾಚಿಗೊಂದು ಬಣ್ಣ ಕೊಡಿ. ಒಂದೇ ಓರೆ ಗೆರೆ, ಒಂದೇ sigma ಎರಡಕ್ಕೂ ಹೊಂದುತ್ತವೆಯಾ ಅಂತ ನೋಡಿದ ಮೇಲೆ ಸೇರಿಸುವ ಮಾತು. 30ರಲ್ಲಿ ಎಲ್ಲರನ್ನೂ ಕೆಳಗಿನ ಕಡೆಯಿಂದಲೇ ಆರಿಸುತ್ತಿರುವುದರಿಂದ ಒಟ್ಟು ಸರಾಸರಿ ವ್ಯತ್ಯಾಸಕ್ಕೆ ಈ ಸಲ ಯಾವ ಅರ್ಥವೂ ಇರುವುದಿಲ್ಲ, ಅದನ್ನು ವರದಿಯಲ್ಲಿ ಬರೆಯಬೇಡಿ. ಸಂಜೆಪಾಳಿಯವರೇ, ಇನ್ನೊಂದು ವಿಷಯ. ಯಾರನ್ನು ಸೇರಿಸಬೇಕು ಅನ್ನುವುದನ್ನು ಮೀಟರ್ ಅಂಕಿ ನೋಡಿ ಆರಿಸುತ್ತೀರಾ, ಲ್ಯಾಬ್ ಅಂಕಿ ನೋಡಿ ಆರಿಸುತ್ತೀರಾ? ಮೀಟರ್ ನೋಡಿ ಆರಿಸಿದರೆ ತಪ್ಪಿ ಜಾಸ್ತಿ ತೋರಿಸಿದವರೇ ಪಟ್ಟಿಯಿಂದ ಹೊರಗೆ ಉಳಿಯುತ್ತಾರೆ. ನಾವು ಹುಡುಕುತ್ತಿರುವುದು ಅವರನ್ನೇ.

ಸಂಜೆಪಾಳಿ_ಲ್ಯಾಬ್

ಮೀಟರ್ ನೋಡಿ ಅಂದುಕೊಂಡಿದ್ದೆ. ಲ್ಯಾಬ್ ಅಂಕಿ ಬಂದ ತಕ್ಷಣ ವಾರ್ಡ್‌ಗೆ ಹೋಗಿ ಬೆರಳು ಚುಚ್ಚುವ ಹಾಗೆ ಬದಲಾಯಿಸುತ್ತೇನೆ. ಅಂತರ ಹತ್ತು ನಿಮಿಷದಿಂದ ಒಂದು ಗಂಟೆಗೆ ಹೋಗಬಹುದು. ನಡುವೆ ಡ್ರಿಪ್ ಹಾಕಿದವರನ್ನು ಬಿಟ್ಟುಬಿಡಲಾ?

ವಾರ್ಡ್_ಡಾಕ್ಟರ್

ಬಿಡಬೇಡಿ, ಗುರುತು ಹಾಕಿ ಬೇರೆ ಇಡಿ. ಅಂಥವರು ನಮ್ಮಲ್ಲಿ ಅರ್ಧದಷ್ಟು ಇರುತ್ತಾರೆ.